ತಿಂಗಳ ಖರ್ಚಿನ ನಕ್ಷೆ ಮತ್ತು ಅಂಗಡಿಯ ನಾಲ್ಕಂಕಿ ಸಂಕೇತ

ತಿಂಗಳು ಮುಗಿದ ಮೇಲೆ ಪಾವತಿ ಆ್ಯಪ್ ತೆರೆದರೆ, ಆ ತಿಂಗಳು ಖಾತೆಯಿಂದ ಹೋದ ಹಣವೆಲ್ಲ ದಿನಸಿ, ಊಟ-ತಿಂಡಿ, ಇಂಧನ, ಔಷಧಿ, ಬಿಲ್ಲು, ಹಣ ವರ್ಗಾವಣೆ ಎಂಬ ಗುಂಪುಗಳಾಗಿ ವಿಂಗಡಣೆಗೊಂಡು ಬಣ್ಣದ ನಕ್ಷೆಯೊಂದರಲ್ಲಿ ಕಾಣಿಸುವುದು ಈಗ ರೂಢಿಯಾಗಿದೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಬಳಗಕ್ಕೆ ಸೇರಿದ ಭೀಮ್ ಆ್ಯಪ್ ಕೂಡ 2025ರ ಮಾರ್ಚ್‌ನಲ್ಲಿ ಬಂದ ತನ್ನ ಮೂರನೆಯ ಆವೃತ್ತಿಯಲ್ಲಿ ಇಂತಹ ಖರ್ಚಿನ ವಿಶ್ಲೇಷಣೆಯನ್ನು ಅಳವಡಿಸಿಕೊಂಡಿತು. ಹಣ ಕೊಟ್ಟವರು ತಾವು ಏನನ್ನು ಕೊಂಡೆವೆಂದು ಆ್ಯಪ್‌ಗೆ ಹೇಳಿರುವುದಿಲ್ಲ, ಅಂಗಡಿಯವರು ಕೊಟ್ಟ ರಸೀದಿಯನ್ನು ಆ್ಯಪ್ ನೋಡಿರುವುದೂ ಇಲ್ಲ. ಆದರೂ ಅದು ಒಂದು ಪಾವತಿಯನ್ನು ದಿನಸಿಯೆಂದೂ ಇನ್ನೊಂದನ್ನು ಇಂಧನವೆಂದೂ ಗುರುತಿಸಬಲ್ಲದು, ಏಕೆಂದರೆ ಹಣ ಪಡೆಯುವ ಪ್ರತಿಯೊಬ್ಬ ನೋಂದಾಯಿತ ವ್ಯಾಪಾರಿಗೂ ವ್ಯಾಪಾರಿ ವರ್ಗ ಸಂಕೇತ ಎಂಬ ನಾಲ್ಕು ಅಂಕಿಗಳ ಸಂಖ್ಯೆಯೊಂದನ್ನು ಮೊದಲೇ ಕೊಡಲಾಗಿರುತ್ತದೆ. ಪಾವತಿ ಕ್ಷೇತ್ರದಲ್ಲಿ ಕೆಲಸ ಮಾಡುವವರು ಇದನ್ನು ಎಂಸಿಸಿ ಎಂದೇ ಕರೆಯುತ್ತಾರೆ.

ಈ ಸಂಕೇತ ಹೇಳುವುದು ಅಂಗಡಿ ಯಾವ ಬಗೆಯದೆಂಬುದನ್ನು ಮಾತ್ರ. ಅಲ್ಲಿ ಕೊಂಡ ವಸ್ತು ಯಾವುದೆಂಬುದನ್ನು ಅದು ಹೇಳುವುದಿಲ್ಲ. ನಗರದ ಸಂಬಳದಾರ ಕುಟುಂಬದಲ್ಲಿ ಈ ಎರಡರ ನಡುವಿನ ಅಂತರ ಚಿಕ್ಕದಾಗಿರುವುದರಿಂದ ನಕ್ಷೆ ಬಹುಮಟ್ಟಿಗೆ ನಿಜವನ್ನೇ ತೋರಿಸುತ್ತದೆ. ಕೊಡಗಿನಂತಹ ಜಿಲ್ಲೆಯ ಸ್ಥಿತಿ ಬೇರೆ. ಮನೆಯ ಖರ್ಚು ಮತ್ತು ಕಾಫಿ ತೋಟದ ಖರ್ಚು ಒಂದೇ ಮೊಬೈಲಿನಿಂದ ಹೋಗುತ್ತವೆ, ಒಂದೇ ಅಂಗಡಿಯಲ್ಲಿ ಅಕ್ಕಿಯಿಂದ ಟಾರ್ಪಾಲಿನವರೆಗೆ ಎಲ್ಲವೂ ಸಿಗುತ್ತದೆ, ಸಂತೆಯ ವ್ಯಾಪಾರಿಗಳಲ್ಲಿ ಹಲವರು ತಮ್ಮ ಸ್ವಂತ ಖಾತೆಯ ಕ್ಯೂಆರ್ ಕೋಡನ್ನೇ ಮುಂದಿಡುತ್ತಾರೆ. ಹೀಗಾಗಿ ಆ ಅಂತರ ಸಾವಿರಗಟ್ಟಲೆ ರೂಪಾಯಿಗಳಷ್ಟು ದೊಡ್ಡದಾಗಬಹುದು. ಆ ನಕ್ಷೆಯನ್ನು ನಂಬಿ ಮನೆಯ ಖರ್ಚಿಗೆ ಮಿತಿ ಹಾಕಿಕೊಳ್ಳುವ ಮೊದಲು ಅದು ಹೇಗೆ ತಯಾರಾಗುತ್ತದೆಂದು ತಿಳಿದುಕೊಳ್ಳುವುದು ಅಗತ್ಯ.

ಸಂಕೇತ ಎಲ್ಲಿಂದ ಬರುತ್ತದೆ

ವ್ಯಾಪಾರಿ ವರ್ಗ ಸಂಕೇತಗಳನ್ನು ರೂಪಿಸಿದ್ದು ಕಾರ್ಡ್ ಜಾಲಗಳು. ಯಾವ ಬಗೆಯ ವ್ಯಾಪಾರಿಯಿಂದ ಎಷ್ಟು ಶುಲ್ಕ ಪಡೆಯಬೇಕು, ಯಾವ ವ್ಯವಹಾರದಲ್ಲಿ ವಂಚನೆಯ ಅಪಾಯ ಹೆಚ್ಚು, ಯಾವುದಕ್ಕೆ ಮಿತಿ ಹೇರಬೇಕು ಎಂಬ ನಿರ್ಧಾರಗಳಿಗೆ ವ್ಯಾಪಾರಿಗಳನ್ನು ವಿಂಗಡಿಸುವ ಒಂದು ಸಮಾನ ಪದ್ಧತಿ ಅವಕ್ಕೆ ಬೇಕಾಗಿತ್ತು. ಈ ಪಟ್ಟಿ 2003ರಲ್ಲಿ ಐಎಸ್ಒ 18245 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. 2016ರಲ್ಲಿ ಭಾರತದಲ್ಲಿ ಯುಪಿಐ ಆರಂಭವಾದಾಗ ಇದೇ ಪಟ್ಟಿ ಅಲ್ಲಿಗೂ ಬಂದಿತು. ಮನೆಯವರು ತಮ್ಮ ಖರ್ಚನ್ನು ಅರಿಯಲೆಂದು ಇದು ಹುಟ್ಟಿದ್ದಲ್ಲ. ಬ್ಯಾಂಕುಗಳ ಶುಲ್ಕ ಮತ್ತು ಮಿತಿಗಳ ಲೆಕ್ಕಕ್ಕೆಂದು ಮಾಡಿದ ವಿಂಗಡಣೆಯನ್ನು ಆ್ಯಪ್‌ಗಳು ಇನ್ನೊಂದು ಕೆಲಸಕ್ಕೆ ಬಳಸಿಕೊಂಡಿವೆ. ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ 2020ರ ಜನವರಿ 1ರಿಂದ ವ್ಯಾಪಾರಿ ಶುಲ್ಕವೇ ಇಲ್ಲವಾದರೂ ಮಿತಿಗಳ ವಿಷಯದಲ್ಲಿ ಸಂಕೇತಕ್ಕೆ ಈಗಲೂ ತೂಕವಿದೆ. ಸಾಮಾನ್ಯ ಪಾವತಿಗೆ ಒಂದು ಲಕ್ಷ ರೂಪಾಯಿಯ ಮಿತಿಯಿದ್ದರೂ ಆಸ್ಪತ್ರೆ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಐದು ಲಕ್ಷದವರೆಗೆ ಕಳುಹಿಸಬಹುದೆಂದು ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಹಣ ಪಡೆಯುವವರು ಆಸ್ಪತ್ರೆಯೋ ಶಾಲೆಯೋ ಎಂಬುದು ವ್ಯವಸ್ಥೆಗೆ ತಿಳಿಯುವುದು ಈ ಸಂಕೇತದಿಂದಲೇ.

ಅಂಕಿಗಳ ಜೋಡಣೆಗೆ ಒಂದು ಕ್ರಮವಿದೆ. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಗಳಲ್ಲಿ ಕೃಷಿ ಸೇವೆಗಳಿವೆ. ಕೃಷಿ ಸಹಕಾರ ಸಂಘಗಳಿಗೆ 0763, ಪಶುವೈದ್ಯ ಸೇವೆಗೆ 0742. ನಾಲ್ಕು ಸಾವಿರದ ಸಾಲಿನಲ್ಲಿ ಸಾರಿಗೆ, ದೂರಸಂಪರ್ಕ ಮತ್ತು ವಿದ್ಯುತ್, ನೀರು, ಅನಿಲದಂತಹ ಸೇವೆಗಳಿವೆ. ಐದು ಸಾವಿರದ ಸಾಲು ಬಹುಪಾಲು ಅಂಗಡಿಗಳದು: ದಿನಸಿ ಅಂಗಡಿ ಮತ್ತು ಸೂಪರ್ ಮಾರ್ಕೆಟ್‌ಗಳಿಗೆ 5411, ಬೇಕರಿಗೆ 5462, ಪೆಟ್ರೋಲ್ ಬಂಕ್‌ಗೆ 5541, ಊಟದ ಹೋಟೆಲಿಗೆ 5812, ಔಷಧಿ ಅಂಗಡಿಗೆ 5912. ತಂಗುವ ಹೋಟೆಲು ಮತ್ತು ರೆಸಾರ್ಟ್‌ಗಳ ಸಂಕೇತ 7011, ಆಸ್ಪತ್ರೆಯದು 8062. ಇಂತಹ ನೂರಾರು ಸಂಖ್ಯೆಗಳನ್ನು ಗ್ರಾಹಕರಿಗೆ ನೇರವಾಗಿ ತೋರಿಸಿ ಪ್ರಯೋಜನವಿಲ್ಲವಾದ್ದರಿಂದ, ಆ್ಯಪ್ ತನ್ನೊಳಗೆ ಒಂದು ಕೋಷ್ಟಕವನ್ನು ಇಟ್ಟುಕೊಂಡು ಹಲವು ಸಂಕೇತಗಳನ್ನು ಒಂದೊಂದು ಹೆಸರಿನಡಿ ತರುತ್ತದೆ. 5411ರ ಜೊತೆಗೆ ಹಾಲಿನ ಅಂಗಡಿಯ 5451 ಮತ್ತು ಇತರ ಆಹಾರ ಪದಾರ್ಥಗಳ ಅಂಗಡಿಯ 5499 ಸೇರಿ ದಿನಸಿಯಾಗುತ್ತವೆ. ಬೇಕರಿಯನ್ನು ಒಂದು ಆ್ಯಪ್ ದಿನಸಿಗೆ ಸೇರಿಸಿದರೆ ಇನ್ನೊಂದು ಊಟ-ತಿಂಡಿಗೆ ಸೇರಿಸಬಹುದು. ಸಂಕೇತಗಳು ಎಲ್ಲೆಡೆ ಒಂದೇ, ಆದರೆ ಈ ಕೋಷ್ಟಕ ಆಯಾ ಕಂಪನಿಯ ಸ್ವಂತ ನಿರ್ಧಾರ. ಒಂದೇ ಪಾವತಿ ಎರಡು ಕಡೆ ಎರಡು ಗುಂಪುಗಳಲ್ಲಿ ಕಾಣಿಸಿದರೆ ಅದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ವ್ಯಾಪಾರಿಗೆ ಸಂಕೇತ ಕೊಡುವುದು, ಅವರಿಗೆ ಕ್ಯೂಆರ್ ಕೋಡ್ ಅಥವಾ ಕಾರ್ಡ್ ಯಂತ್ರ ಕೊಟ್ಟ ಬ್ಯಾಂಕು ಇಲ್ಲವೇ ಪಾವತಿ ಕಂಪನಿ. ನೋಂದಣಿಯ ವೇಳೆ ವ್ಯಾಪಾರದ ಮುಖ್ಯ ಉದ್ದೇಶವೇನೆಂದು ಕೇಳಿ, ಸಿದ್ಧ ಪಟ್ಟಿಯಲ್ಲಿ ಹೊಂದುವ ಒಂದನ್ನು ಆರಿಸಲಾಗುತ್ತದೆ. ಒಂದು ಕ್ಯೂಆರ್ ಕೋಡಿಗೆ ಒಂದೇ ಸಂಕೇತ. ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಅಂಗಡಿಯೊಂದು ಮುಂಭಾಗದಲ್ಲಿ ದಿನಸಿ, ಹಿಂಭಾಗದಲ್ಲಿ ಹಗ್ಗ, ಗೋಣಿಚೀಲ, ಟಾರ್ಪಾಲು, ಪೈಪು ಮಾರುತ್ತಿದ್ದರೆ, ದಾಖಲೆಯಲ್ಲಿ ಅದು ದಿನಸಿ ಅಂಗಡಿ ಮಾತ್ರ. ಅಂಗಡಿ ಮುಂದೆ ಬೇರೆ ವ್ಯಾಪಾರಕ್ಕೆ ತಿರುಗಿದರೂ ಯಾರಾದರೂ ತಿದ್ದಿಸುವವರೆಗೆ ಹಳೆಯ ಸಂಕೇತವೇ ಮುಂದುವರಿಯುತ್ತದೆ. ಸಂಕೇತ ತಪ್ಪಾಗುವುದು ಹೆಚ್ಚಾಗಿ ಈ ನೋಂದಣಿಯ ಹಂತದಲ್ಲೇ. ಅಂಗಡಿಗಳನ್ನು ಸುತ್ತಿ ಕ್ಯೂಆರ್ ಫಲಕ ಹಂಚುವ ಪ್ರತಿನಿಧಿ ಆ ಕ್ಷಣಕ್ಕೆ ಸರಿಯೆನಿಸಿದ್ದನ್ನು ಆರಿಸಿ ಮುಂದೆ ಹೋಗುತ್ತಾರೆ, ಅಂಗಡಿಯವರಿಗೆ ತಮ್ಮ ಹೆಸರಿನ ಮುಂದೆ ಯಾವ ಸಂಖ್ಯೆಯಿದೆಯೆಂದು ನೋಡುವ ಸಂದರ್ಭವೇ ಬರುವುದಿಲ್ಲ.

ಕ್ಯೂಆರ್ ಕೋಡಿನ ಒಳಗೆ

ಯುಪಿಐ ಕ್ಯೂಆರ್ ಕೋಡ್ ಎಂದರೆ ಒಂದು ಸಾಲಿನ ಬರಹದ ಚಿತ್ರರೂಪ. ಪಾವತಿ ಆ್ಯಪ್‌ನಲ್ಲಿ ತೆರೆಯದೆ, ಬರಹವನ್ನಷ್ಟೇ ತೋರಿಸುವ ಸಾಮಾನ್ಯ ಕ್ಯೂಆರ್ ಓದುಗದಲ್ಲಿ ನೋಡಿದರೆ ಅದು ಸುಮಾರಾಗಿ ಈ ರೂಪದಲ್ಲಿರುತ್ತದೆ:

```
upi://pay?pa=angadi@bank&pn=ANGADI&mc=5411&cu=INR
```

ಇದರಲ್ಲಿ `pa` ಎಂಬುದು ಹಣ ಸೇರಬೇಕಾದ ಯುಪಿಐ ವಿಳಾಸ, `pn` ಪಡೆಯುವವರ ಹೆಸರು, `cu` ನಾಣ್ಯ, `mc` ಎಂಬುದೇ ವ್ಯಾಪಾರಿ ವರ್ಗ ಸಂಕೇತ. 2017ರಲ್ಲಿ ಬಂದ ಭಾರತ್ ಕ್ಯೂಆರ್ ಮಾದರಿಯಲ್ಲಿ ಬರಹ ಬೇರೆ ರೀತಿಯದು. ಅಲ್ಲಿ ಅಂಕಿಗಳ ಉದ್ದನೆಯ ಸಾಲಿನ ನಡುವೆ `52045411` ಎಂಬ ತುಣುಕು ಸಿಕ್ಕಿದರೆ, 52 ಎಂಬುದು ವರ್ಗ ಸಂಕೇತದ ಸ್ಥಾನಸೂಚಕವೆಂದೂ 04 ಎಂಬುದು ಮುಂದೆ ನಾಲ್ಕು ಅಂಕಿಗಳಿವೆಯೆಂಬ ಸೂಚನೆಯೆಂದೂ 5411 ಎಂಬುದು ಸಂಕೇತವೆಂದೂ ಓದಿಕೊಳ್ಳಬೇಕು.

ಸ್ವಂತ ಖಾತೆಯ ಕ್ಯೂಆರ್ ಕೋಡಿನಲ್ಲಿ `mc` ಇರುವುದೇ ಇಲ್ಲ, ಇದ್ದರೂ ಅದರ ಮುಂದೆ `0000` ಇರುತ್ತದೆ. ಹಣ ಪಡೆಯುವವರು ವ್ಯಾಪಾರಿಯಾಗಿ ನೋಂದಾಯಿತರಲ್ಲ, ವ್ಯಕ್ತಿ ಎಂಬುದು ಇದರ ಅರ್ಥ. ಪಾವತಿಯ ವೇಳೆ ಬ್ಯಾಂಕುಗಳ ನಡುವೆ ಓಡಾಡುವ ಸಂದೇಶದಲ್ಲೂ ಈ ಭೇದ ಇರುತ್ತದೆ. ಅಲ್ಲಿ ಪಡೆಯುವವರ ವಿಳಾಸದ ಜೊತೆಗೆ ಅವರು `PERSON` ಅಥವಾ `ENTITY` ಎಂಬ ಗುರುತು ಮತ್ತು ಸಂಕೇತ ಎರಡೂ ದಾಖಲಾಗುತ್ತವೆ. ಸಂತೆಯಲ್ಲಿ ಸೊಪ್ಪು ಮಾರುವವರು, ಒಣಮೀನು ಮಾರುವವರು, ಆಟೋ ಚಾಲಕರು, ಕೊಠಡಿ ಬಾಡಿಗೆಯನ್ನು ಸ್ವಂತ ಮೊಬೈಲ್ ಸಂಖ್ಯೆಗೆ ಪಡೆಯುವ ಹೋಂಸ್ಟೇ ಮಾಲೀಕರು, ಊರಿಂದ ಹಣ ಪಡೆಯುವ ಮಗ ಅಥವಾ ಮಗಳು, ಇವರೆಲ್ಲರೂ ಆ್ಯಪ್‌ನ ದೃಷ್ಟಿಯಲ್ಲಿ ಒಂದೇ ಗುಂಪು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಕೊಂಡ ತರಕಾರಿಯೂ ಮಗಳಿಗೆ ಕಳುಹಿಸಿದ ಹಾಸ್ಟೆಲ್ ಖರ್ಚೂ ಹಣ ವರ್ಗಾವಣೆ ಎಂಬ ಒಂದೇ ಶೀರ್ಷಿಕೆಯಡಿ ಬೀಳುವುದು ಇದರಿಂದಾಗಿ. ನಕ್ಷೆಯಲ್ಲಿ ಈ ಗುಂಪು ಎಷ್ಟು ದೊಡ್ಡದಾಗಿದೆಯೋ ಉಳಿದ ಗುಂಪುಗಳ ಮೇಲಿನ ಭರವಸೆ ಅಷ್ಟು ಕಡಿಮೆಯಾಗಬೇಕು. ಮೊದಲು ನೋಡಬೇಕಾದ ಅಂಕಿ ಇದೇ.

ಒಂದು ಅಂಗಡಿಯ ಕ್ಯೂಆರ್ ವ್ಯಾಪಾರಿಯದೋ ವ್ಯಕ್ತಿಯದೋ ಎಂದು ತಿಳಿಯಲು ಬರಹವನ್ನು ಓದುವುದಲ್ಲದೆ ಇನ್ನೊಂದು ದಾರಿಯೂ ಇದೆ. ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡಿನಿಂದ ವ್ಯಾಪಾರಿಗಳಿಗೆ ಮಾತ್ರ ಹಣ ಕೊಡಬಹುದು, ವ್ಯಕ್ತಿಗಳ ಖಾತೆಗೆ ಕಳುಹಿಸಲಾಗದು. ಆದ್ದರಿಂದ ಸ್ಕ್ಯಾನ್ ಮಾಡಿದಾಗ ಆ್ಯಪ್ ಕ್ರೆಡಿಟ್ ಕಾರ್ಡನ್ನು ಆಯ್ಕೆಗೆ ಕೊಟ್ಟರೆ ಅದು ವ್ಯಾಪಾರಿಯ ಕೋಡ್ ಎಂದು ಖಚಿತ. ಕೊಡದಿದ್ದರೆ ಅದು ವ್ಯಕ್ತಿಯ ಕೋಡ್ ಆಗಿರಬಹುದು, ಆದರೆ ಕೆಲವು ಸಣ್ಣ ವ್ಯಾಪಾರಿಗಳಿಗೂ ಕಾರ್ಡ್ ಸ್ವೀಕಾರ ಇರುವುದಿಲ್ಲವಾದ್ದರಿಂದ ಅಷ್ಟರಿಂದಲೇ ತೀರ್ಮಾನಿಸಬಾರದು.

ಪಾವತಿ ನಡೆಸಿದ ಆ್ಯಪ್‌ಗೆ ಮಾತ್ರ ಈ ಸಂಕೇತ ಕೈಗೆ ಸಿಗುತ್ತದೆ. ಬ್ಯಾಂಕಿನ ಸಂದೇಶಗಳನ್ನೋ ಖಾತೆಯ ವಿವರಪಟ್ಟಿಯನ್ನೋ ಓದಿ ಖರ್ಚು ವಿಂಗಡಿಸುವ ಇತರ ಆ್ಯಪ್‌ಗಳಿಗೆ ಸಿಗುವುದು ಸಾಮಾನ್ಯವಾಗಿ ಮೊತ್ತ, ದಿನಾಂಕ, ಪಡೆದವರ ಹೆಸರು ಮತ್ತು ಯುಪಿಐ ವಿಳಾಸ ಅಷ್ಟೇ. ಅವು ಹೆಸರಿನಲ್ಲಿರುವ ಪದಗಳನ್ನು ಹಿಡಿದು ಊಹಿಸುತ್ತವೆ. ಹೆಸರಿನಲ್ಲಿ ಮೆಡಿಕಲ್ಸ್ ಎಂದಿದ್ದರೆ ಔಷಧಿ, ಬೇಕರಿ ಎಂದಿದ್ದರೆ ತಿಂಡಿ. ಮನೆತನದ ಹೆಸರಿನಲ್ಲೋ ಮಾಲೀಕರ ಹೆಸರಿನಲ್ಲೋ ಖಾತೆಯಿರುವ ಕೊಡಗಿನ ಅಂಗಡಿಗಳಲ್ಲಿ ಈ ಊಹೆ ಹಿಡಿಯುವಂತಹ ಪದವೇ ಇರುವುದಿಲ್ಲ.

ಒಂದು ಮಾರ್ಚ್ ತಿಂಗಳ ಲೆಕ್ಕ

ಈ ಮಾತುಗಳನ್ನು ಒಂದು ಲೆಕ್ಕದ ಮೂಲಕ ಪರೀಕ್ಷಿಸಬಹುದು. ಪೊನ್ನಂಪೇಟೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟವಿರುವ ಒಂದು ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮೊತ್ತಗಳೂ ವಿವರಣೆಗೆಂದು ಇಟ್ಟುಕೊಂಡವು. ತಿಂಗಳು ಮಾರ್ಚ್ ಎಂದಿರಲಿ. ಹೂಮಳೆ ಬಾರದಿದ್ದರೆ ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸಬೇಕಾದ, ಜೊತೆಗೆ ಕರಿಮೆಣಸಿನ ಕೊಯ್ಲೂ ನಡೆಯುವ ಕಾಲವದು, ತೋಟದ ಖರ್ಚು ಏರುವ ತಿಂಗಳು.

ಆ ತಿಂಗಳು ಕುಟುಂಬದ ಒಂದೇ ಮೊಬೈಲಿನಿಂದ ಒಟ್ಟು 48,100 ರೂಪಾಯಿ ಹೋಗಿದೆ. ಪೆಟ್ರೋಲ್ ಬಂಕ್‌ಗೆ 11,000, ಕೃಷಿ ಸಹಕಾರ ಸಂಘಕ್ಕೆ 7,200, ಗೋಣಿಕೊಪ್ಪದ ದಿನಸಿ ಅಂಗಡಿಗೆ 6,300, ಕೊಯ್ಲಿನ ಕೂಲಿಗಾಗಿ ಮೇಸ್ತ್ರಿಯ ಖಾತೆಗೆ 12,000, ಸಂತೆಯ ತರಕಾರಿ ಮತ್ತು ಮೀನಿಗೆ 2,400, ಮೈಸೂರಿನಲ್ಲಿ ಓದುವ ಮಗನಿಗೆ 5,000, ಔಷಧಿಗೆ 1,350, ಹೋಟೆಲಿಗೆ 1,100, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಬಿಲ್ಲು ಹಾಗೂ ಮೊಬೈಲ್ ರೀಚಾರ್ಜಿಗೆ ಸೇರಿ 1,750.

ಆ್ಯಪ್ ಇದನ್ನು ಸಂಕೇತಗಳಂತೆ ಜೋಡಿಸಿದಾಗ ಎಲ್ಲಕ್ಕಿಂತ ದೊಡ್ಡ ಪಾಲು ಹಣ ವರ್ಗಾವಣೆಯದಾಗುತ್ತದೆ. ಮೇಸ್ತ್ರಿ, ಸಂತೆಯವರು ಮತ್ತು ಮಗ, ಈ ಮೂರೂ 0000 ಆಗಿರುವುದರಿಂದ 19,400 ರೂಪಾಯಿ, ಅಂದರೆ ಒಟ್ಟಿನ ಶೇ. 40ರಷ್ಟು, ಯಾವ ಉದ್ದೇಶಕ್ಕೆ ಹೋಯಿತೆಂಬ ಸುಳಿವಿಲ್ಲದೆ ಒಂದೆಡೆ ಕೂರುತ್ತದೆ. ಎರಡನೆಯ ಸ್ಥಾನ 5541ರದು. ಪ್ರಯಾಣ ಮತ್ತು ಇಂಧನ ಎಂಬ ಹೆಸರಿನಡಿ 11,000 ರೂಪಾಯಿ, ಸುಮಾರು ಶೇ. 23. ಸಹಕಾರ ಸಂಘದ 0763 ಸಂಕೇತಕ್ಕೆ ಪಟ್ಟಣದ ಗ್ರಾಹಕರನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೋಷ್ಟಕದಲ್ಲಿ ಪ್ರತ್ಯೇಕ ಸ್ಥಳವಿಲ್ಲವಾದರೆ 7,200 ರೂಪಾಯಿ ಇತರೆ ಎಂಬಲ್ಲಿ ನಿಲ್ಲುತ್ತದೆ. ದಿನಸಿ 6,300, ಬಿಲ್ಲುಗಳು 1,750, ಔಷಧಿ 1,350, ಊಟ-ತಿಂಡಿ 1,100. ಈ ನಕ್ಷೆಯನ್ನಷ್ಟೇ ನೋಡಿದವರಿಗೆ ಇದು ವಿಪರೀತ ಓಡಾಡುವ, ಮನೆಯ ಊಟಕ್ಕೆ ಹೆಚ್ಚೇನೂ ಖರ್ಚು ಮಾಡದ ಕುಟುಂಬವೆಂದು ತೋರುತ್ತದೆ. ಪ್ರಯಾಣ ಕಡಿಮೆ ಮಾಡಿ ಎಂಬ ಸಲಹೆಯನ್ನು ಆ್ಯಪ್ ತಾನಾಗಿಯೇ ಕೊಟ್ಟರೂ ಆಶ್ಚರ್ಯವಿಲ್ಲ.

ನಿಜದಲ್ಲಿ ಬಂಕ್‌ಗೆ ಹೋದ ಹಣದಲ್ಲಿ 9,600 ರೂಪಾಯಿ ಸ್ಪ್ರಿಂಕ್ಲರ್ ಪಂಪ್‌ಸೆಟ್ಟಿನ ಡೀಸೆಲ್‌ನದು. ಸ್ಕೂಟರಿನ ಪೆಟ್ರೋಲಿಗೆ ಹೋದದ್ದು 1,400 ಮಾತ್ರ. ದಿನಸಿ ಅಂಗಡಿಯ 6,300ರಲ್ಲಿ 1,800 ರೂಪಾಯಿ ಮೆಣಸು ಒಣಗಿಸಲು ತಂದ ಟಾರ್ಪಾಲು ಮತ್ತು ಗೋಣಿಚೀಲಗಳದು. ಸಹಕಾರ ಸಂಘದ ಹಣ ಗೊಬ್ಬರಕ್ಕೆ, ಮೇಸ್ತ್ರಿಯ ಹಣ ಕೂಲಿಗೆ. ಇವನ್ನೆಲ್ಲ ಕೂಡಿಸಿದರೆ ತೋಟದ ಖರ್ಚು 30,600 ರೂಪಾಯಿ, ಒಟ್ಟಿನ ಶೇ. 64ರಷ್ಟು. ಉಳಿದ 17,500ರಲ್ಲಿ ಮಗನಿಗೆ ಕಳುಹಿಸಿದ 5,000 ತೆಗೆದರೆ ಊರ ಮನೆಯ ತಿಂಗಳ ಖರ್ಚು 12,500. ಅದರಲ್ಲಿ ಅಡುಗೆಮನೆಯ ಪಾಲು, ದಿನಸಿ ಅಂಗಡಿಯಲ್ಲಿ ಉಳಿದ 4,500 ಮತ್ತು ಸಂತೆಯ 2,400 ಸೇರಿ, 6,900.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ್ಯಪ್ ತೋರಿಸಿದ ದಿನಸಿಯ ಮೊತ್ತ 6,300, ನಿಜವಾದ ಮೊತ್ತ 6,900. ಎರಡೂ ಹತ್ತಿರವಾಗಿರುವುದರಿಂದ ಆ ಅಂಕಿ ಸರಿಯಿದೆಯೆಂದು ಅನಿಸುತ್ತದೆ. ಆದರೆ ಅದು ಸಂತೆಯ 2,400ನ್ನು ಬಿಟ್ಟು, ಟಾರ್ಪಾಲಿನ 1,800ನ್ನು ಸೇರಿಸಿಕೊಂಡ ಅಂಕಿ. ಎರಡು ತಪ್ಪುಗಳು ಒಂದನ್ನೊಂದು ಬಹುಮಟ್ಟಿಗೆ ಸರಿದೂಗಿಸಿವೆ, ಅಷ್ಟೇ. ಮೇ ತಿಂಗಳಲ್ಲಿ ಟಾರ್ಪಾಲು ಇಲ್ಲದಿದ್ದಾಗ ದಿನಸಿಯ ಖರ್ಚು ಥಟ್ಟನೆ ಇಳಿದಂತೆ ಕಂಡರೆ ಅದನ್ನು ಉಳಿತಾಯವೆಂದು ಎಣಿಸಬಾರದು. ತಿಂಗಳಿಂದ ತಿಂಗಳಿಗೆ ಒಂದು ಗುಂಪು ಏರಿಳಿದಾಗ ಮೊದಲು ಆ ಗುಂಪನ್ನು ತೆರೆದು ಒಳಗಿರುವ ಪಾವತಿಗಳನ್ನು ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಒಂದೋ ಎರಡೋ ದೊಡ್ಡ ಮೊತ್ತಗಳೇ ಕಾರಣವಾಗಿರುತ್ತವೆ.

ತಿದ್ದುವ ಬಗೆ

ಖರ್ಚಿನ ವಿಶ್ಲೇಷಣೆ ಕೊಡುವ ಹಲವು ಆ್ಯಪ್‌ಗಳಲ್ಲಿ ಪಾವತಿಯ ವಿವರ ತೆರೆದು ಅದರ ಗುಂಪನ್ನು ಕೈಯಿಂದ ಬದಲಾಯಿಸುವ ಅವಕಾಶವಿರುತ್ತದೆ, ಕೆಲವು ಆ್ಯಪ್‌ಗಳು ಅದೇ ವಿಳಾಸಕ್ಕೆ ಮುಂದೆ ಹೋಗುವ ಪಾವತಿಗಳಿಗೂ ಆ ಬದಲಾವಣೆಯನ್ನು ಅನ್ವಯಿಸುತ್ತವೆ. ಹೀಗೆ ನೆನಪಿಟ್ಟುಕೊಳ್ಳುವ ಸೌಲಭ್ಯ ಮೇಸ್ತ್ರಿ ಮತ್ತು ಸಹಕಾರ ಸಂಘದಂತಹ, ಪ್ರತಿಸಲವೂ ಒಂದೇ ಉದ್ದೇಶಕ್ಕೆ ಹಣ ಹೋಗುವ ಕಡೆಗೆ ಸೂಕ್ತ. ಪೆಟ್ರೋಲ್ ಬಂಕ್‌ಗೆ ಅದನ್ನು ಬಳಸಿದರೆ ಸ್ಕೂಟರಿನ ಪೆಟ್ರೋಲೂ ತೋಟದ ಖರ್ಚಾಗಿ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಮೇಸ್ತ್ರಿ, ಸಂಘ ಮತ್ತು ಡೀಸೆಲ್ ಎಂಬ ಮೂರು ಬಗೆಯ ಪಾವತಿಗಳನ್ನಷ್ಟೇ ತಿದ್ದಿದರೂ 28,800 ರೂಪಾಯಿ ತನ್ನ ಸರಿಯಾದ ಸ್ಥಳಕ್ಕೆ ಸೇರುತ್ತದೆ. ಎಲ್ಲ ಪಾವತಿಗಳ ಹಿಂದೆ ಬೀಳುವುದಕ್ಕಿಂತ ದೊಡ್ಡ ಮೊತ್ತಗಳಿಂದ ಆರಂಭಿಸುವುದೇ ಲೇಸು, ಏಕೆಂದರೆ ನೂರಾರು ಸಣ್ಣ ಪಾವತಿಗಳನ್ನು ತಿದ್ದಲು ಹೊರಟವರು ಆ ಕೆಲಸವನ್ನು ಬಹುಕಾಲ ಮುಂದುವರಿಸಲಾರರು.

ಒಂದೇ ಪಾವತಿಯೊಳಗೆ ಎರಡು ಬಗೆಯ ಖರ್ಚು ಸೇರಿದ್ದರೆ, ಪಾವತಿಯನ್ನು ಭಾಗ ಮಾಡುವ ಸೌಲಭ್ಯವಿಲ್ಲದ ಆ್ಯಪ್‌ನಲ್ಲಿ ಆಮೇಲೆ ಏನೂ ಮಾಡಲಾಗದು. ದಿನಸಿ ಮತ್ತು ಟಾರ್ಪಾಲು ಒಟ್ಟಿಗೆ ಕೊಂಡಾಗ ಎರಡು ಸಲ ಸ್ಕ್ಯಾನ್ ಮಾಡಿ ಎರಡು ಪಾವತಿಗಳಾಗಿ ಕೊಡುವುದು, ಹಾಗೆ ಕೊಡುವಾಗ ಟಿಪ್ಪಣಿಯ ಜಾಗದಲ್ಲಿ ತೋಟ ಎಂದು ಒಂದು ಪದ ಬರೆಯುವುದು ಇದಕ್ಕೆ ಸುಲಭ ಪರಿಹಾರ. ಆ ಟಿಪ್ಪಣಿಯನ್ನು ಆ್ಯಪ್ ವಿಂಗಡಣೆಗೆ ಬಳಸದಿದ್ದರೂ, ತಿಂಗಳ ಕೊನೆಗೆ ಕಣ್ಣಾಡಿಸುವ ಮನುಷ್ಯರಿಗೆ ಅದು ಸಾಕು. ತೋಟಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆಯನ್ನು ತೆರೆದು, ಪಾವತಿಯ ವೇಳೆ ಆ ಖಾತೆಯನ್ನು ಆರಿಸಿಕೊಳ್ಳುವುದು ಇದಕ್ಕಿಂತಲೂ ಗಟ್ಟಿಯಾದ ಏರ್ಪಾಡು, ಏಕೆಂದರೆ ಆಗ ಸಂಕೇತ ಏನೇ ಇದ್ದರೂ ಮನೆ ಮತ್ತು ತೋಟ ಬೇರೆ ಬೇರೆಯಾಗಿಯೇ ಉಳಿಯುತ್ತವೆ.

ನಕ್ಷೆಯಲ್ಲಿ ಬಾರದೆ ಹೋಗುವ ಅಥವಾ ಎರಡು ಸಲ ಬರುವ ಹಣದ ಕಡೆಗೂ ಗಮನ ಬೇಕು. ಒಂದು ಆ್ಯಪ್‌ಗೆ ತನ್ನ ಮೂಲಕ ಹೋದ ಪಾವತಿಗಳು ಮಾತ್ರ ಪೂರ್ತಿಯಾಗಿ ತಿಳಿಯುತ್ತವೆ. ಅದೇ ಬ್ಯಾಂಕ್ ಖಾತೆಯಿಂದ ಇನ್ನೊಂದು ಆ್ಯಪ್‌ನಲ್ಲಿ ಕೊಟ್ಟದ್ದು, ಮನೆಯ ಇನ್ನೊಬ್ಬರು ತಮ್ಮ ಮೊಬೈಲಿನಿಂದ ಕೊಟ್ಟದ್ದು, ಎಟಿಎಂನಿಂದ ತೆಗೆದು ನಗದಾಗಿ ಹಂಚಿದ ಕೂಲಿ, ಇವು ಅದರ ನಕ್ಷೆಗೆ ಸೇರುವುದಿಲ್ಲ. ಯುಪಿಐ ಲೈಟ್ ಎಂಬ ಸಣ್ಣ ಮೊತ್ತಗಳ ವ್ಯವಸ್ಥೆಯಲ್ಲಿ ಬ್ಯಾಂಕಿನ ವಿವರಪಟ್ಟಿಯಲ್ಲಿ ಕಾಣುವುದು ಅದಕ್ಕೆ ಒಮ್ಮೆಗೆ ತುಂಬಿದ ಮೊತ್ತ ಮಾತ್ರ. ಬೇಕರಿಯಲ್ಲಿ ಕೊಟ್ಟ ಇಪ್ಪತ್ತು, ಮೂವತ್ತು ರೂಪಾಯಿಗಳ ಪಾವತಿಗಳು ಅಲ್ಲಿ ಬಿಡಿಬಿಡಿಯಾಗಿ ಬರುವುದಿಲ್ಲವಾದ್ದರಿಂದ, ವಿವರಪಟ್ಟಿಯನ್ನು ಓದುವ ಆ್ಯಪ್‌ಗಳಿಗೆ ಅವು ತಿಳಿಯುವುದೇ ಇಲ್ಲ. ಇದಕ್ಕೆ ಪ್ರತಿಯಾಗಿ, ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದು ಒಮ್ಮೆ, ಆ ಕಾರ್ಡಿನ ಬಿಲ್ಲು ಕಟ್ಟಿದ್ದು ಇನ್ನೊಮ್ಮೆ, ಹೀಗೆ ಒಂದೇ ಖರ್ಚು ಎರಡು ಸಲ ಎಣಿಕೆಯಾಗುವುದುಂಟು. ತನ್ನದೇ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಿದ ಹಣವನ್ನು ಖರ್ಚೆಂದು ತೋರಿಸುವುದೂ ಉಂಟು. ಬ್ಯಾಂಕಿನ ವಿವರಪಟ್ಟಿಯಲ್ಲಿ ಆ ತಿಂಗಳು ಹೊರಹೋದ ಒಟ್ಟು ಮೊತ್ತವನ್ನು ಆ್ಯಪ್‌ನ ಒಟ್ಟು ಮೊತ್ತದೊಂದಿಗೆ ಹೋಲಿಸಿದರೆ ಇಂತಹ ವ್ಯತ್ಯಾಸಗಳಲ್ಲಿ ಬಹುಪಾಲು ಹೊರಬೀಳುತ್ತವೆ.

ಪ್ರವಾಸಿಗರ ಲೆಕ್ಕದಲ್ಲಿ ಇದೇ ತೊಡಕು ಬೇರೆ ವೇಷದಲ್ಲಿ ಬರುತ್ತದೆ. ಬೆಂಗಳೂರಿನಿಂದ ಎರಡು ದಿನಕ್ಕೆ ಬಂದವರು ಹೋಂಸ್ಟೇ ಬಾಡಿಗೆಯನ್ನು ಮಾಲೀಕರ ಸ್ವಂತ ಖಾತೆಗೆ ಕೊಟ್ಟರೆ ಅದು ಹಣ ವರ್ಗಾವಣೆಯಾಗುತ್ತದೆ, ಅದೇ ಹೋಂಸ್ಟೇಯನ್ನು ಜಾಲತಾಣದ ಮೂಲಕ ಕಾಯ್ದಿರಿಸಿದ್ದರೆ ಪ್ರವಾಸ ಸಂಸ್ಥೆಯ 4722 ಸಂಕೇತದಡಿ ಬರಬಹುದು. ಕುಶಾಲನಗರದ ದಾರಿಯಲ್ಲಿ ಕೊಂಡ ಕಾಫಿಪುಡಿ, ಜೇನು, ಏಲಕ್ಕಿ ಆಯಾ ಅಂಗಡಿಯ ಸಂಕೇತದಂತೆ ದಿನಸಿಗೆ ಸೇರಿ, ಆ ತಿಂಗಳ ಅಡುಗೆಮನೆಯ ಖರ್ಚನ್ನು ಅಕಾರಣವಾಗಿ ಹಿಗ್ಗಿಸುತ್ತವೆ.

ಸಂಕೇತವೇ ತಪ್ಪಾಗಿದ್ದರೆ ಅದನ್ನು ತಿದ್ದಿಸುವ ಅಧಿಕಾರ ಗ್ರಾಹಕರಿಗಿಲ್ಲ. ಅದು ಅಂಗಡಿಯವರಿಂದಲೇ ಆಗಬೇಕು. ಔಷಧಿ ಅಂಗಡಿಯೊಂದರ ಪಾವತಿಗಳು ಗ್ರಾಹಕರ ಮೊಬೈಲಿನಲ್ಲಿ ಬಟ್ಟೆ ಖರೀದಿಯೆಂದು ಕಾಣಿಸುತ್ತಿದ್ದರೆ, ಮಾಲೀಕರು ತಮಗೆ ಕ್ಯೂಆರ್ ಕೊಟ್ಟ ಬ್ಯಾಂಕನ್ನೋ ಪಾವತಿ ಕಂಪನಿಯನ್ನೋ ಸಂಪರ್ಕಿಸಿ, ವ್ಯಾಪಾರ ಪರವಾನಗಿ, ಜಿಎಸ್‌ಟಿ ನೋಂದಣಿ ಅಥವಾ ಉದ್ಯಮ್ ಪ್ರಮಾಣಪತ್ರದಂತಹ, ವ್ಯಾಪಾರದ ಬಗೆಯನ್ನು ತೋರಿಸುವ ದಾಖಲೆಯೊಂದಿಗೆ ವರ್ಗ ಬದಲಾವಣೆಗೆ ಕೋರಿಕೆ ಸಲ್ಲಿಸಬೇಕು. ಒಂದೇ ಮಾಲೀಕರು ದಿನಸಿಯನ್ನೂ ತೋಟದ ಸಾಮಗ್ರಿಯನ್ನೂ ಮಾರುವುದಾದರೆ ಎರಡಕ್ಕೂ ಪ್ರತ್ಯೇಕ ನೋಂದಣಿ ಮಾಡಿಸಿ ಎರಡು ಫಲಕಗಳನ್ನು ಇಟ್ಟುಕೊಳ್ಳುವುದು ಸಾಧ್ಯವೇ ಎಂದು ಆಗಲೇ ಕೇಳಬಹುದು. ಫಲಕದೊಳಗಿನ ಬರಹದಲ್ಲಿ ಹಳೆಯ ಸಂಖ್ಯೆಯೇ ಅಚ್ಚಾಗಿರುವುದರಿಂದ, ಬದಲಾವಣೆ ಆದ ಮೇಲೆ ಹೊಸ ಫಲಕವನ್ನು ಕೇಳಿ ಪಡೆದು ಹಳೆಯದನ್ನು ತೆಗೆದುಹಾಕುವುದು ಒಳ್ಳೆಯದು. ಹೊಸ ಸಂಕೇತ ಅನ್ವಯವಾಗುವುದು ಮುಂದಿನ ಪಾವತಿಗಳಿಗೆ. ಈಗಾಗಲೇ ದಾಖಲಾದವು ಹಳೆಯ ಗುಂಪಿನಲ್ಲೇ ಉಳಿಯುವುದರಿಂದ, ಆ ತಿಂಗಳುಗಳ ಲೆಕ್ಕ ಬೇಕಾದ ಗ್ರಾಹಕರು ಅವನ್ನು ತಮ್ಮ ಆ್ಯಪ್‌ನಲ್ಲಿ ಕೈಯಿಂದಲೇ ಬದಲಾಯಿಸಿಕೊಳ್ಳಬೇಕಾಗುತ್ತದೆ.